ಒತ್ತಿ ಹೇಳುವ ‘ಏ’, ಅನುಮಾನದ ‘ಓ’: ಪದಕ್ಕೆ ಅಂಟಿಸುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಏ, ಓ ಎರಡೂ ಪದದ ಕೊನೆಗೆ ಬಂದು ಏನು ಮಾಡುತ್ತವೆ?

‘ಏ’ ಒಂದನ್ನು ಬೇರೆ ಎಲ್ಲದರಿಂದ ಬೇರ್ಪಡಿಸಿ ಎತ್ತಿ ತೋರಿಸುತ್ತದೆ. ‘ಅವನು ಹೇಳಿದ’ ಎಂದರೆ ಬರೀ ಸುದ್ದಿ. ‘ಅವನೇ ಹೇಳಿದ’ ಎಂದರೆ ಬೇರೆ ಯಾರೂ ಅಲ್ಲ, ಅವನು ಎಂದು ಗೆರೆ ಎಳೆದ ಹಾಗೆ. ಶಾಲೆಯ ವ್ಯಾಕರಣ ಇದನ್ನು ಅವಧಾರಣಾರ್ಥಕ ಅವ್ಯಯ ಎನ್ನುತ್ತದೆ.

‘ಓ’ ಅದಕ್ಕೆ ತದ್ವಿರುದ್ಧ. ಅದು ಗೆರೆಯನ್ನು ಅಳಿಸುತ್ತದೆ. ‘ಅವನೋ ಇವನೋ ಹೇಳಿದ’ ಎಂದಾಗ ಯಾರೆಂದು ಖಚಿತವಿಲ್ಲ. ಪ್ರಶ್ನೆಯ ಪದಕ್ಕೆ ಸೇರಿದರೆ ಅದನ್ನು ಪ್ರಶ್ನೆಯಾಗಿ ಉಳಿಯಲು ಬಿಡದೆ ಗೊತ್ತಿಲ್ಲದ ಒಂದನ್ನು ಹೆಸರಿಸುವ ಪದವಾಗಿಸುತ್ತದೆ: ಯಾರು ಯಾರೋ ಆಗುತ್ತದೆ, ಎಲ್ಲಿ ಎಲ್ಲೋ ಆಗುತ್ತದೆ, ಯಾವುದು ಯಾವುದೋ ಆಗುತ್ತದೆ. ಅರ್ಥದಲ್ಲಿ ಹೀಗೆ ಎದುರುಬದುರಾದರೂ ಪದಕ್ಕೆ ಅಂಟಿಕೊಳ್ಳುವ ರೀತಿಯಲ್ಲಿ ಎರಡೂ ಒಂದೇ. ಆದ್ದರಿಂದ ಒಂದನ್ನು ಕಲಿತರೆ ಇನ್ನೊಂದನ್ನೂ ಕಲಿತಂತೆ.

‘ಮರವೇ’, ‘ಮನೆಯೇ’, ‘ಊರೇ’. ಒಂದೇ ‘ಏ’ಗೆ ಯಾಕೆ ಮೂರು ರೂಪ?

ಎರಡು ಸ್ವರಗಳು ಒಂದರ ಪಕ್ಕ ಒಂದು ನಿಲ್ಲುವುದನ್ನು ಕನ್ನಡ ಸಹಿಸುವುದಿಲ್ಲ. ‘ಮನೆ’ಯ ಕೊನೆಯಲ್ಲಿ ಎ ಇದೆ, ಅದರ ಮುಂದೆ ಏ ಬಂದು ನಿಂತಿದೆ. ಇಲ್ಲಿ ಎರಡು ದಾರಿ. ಮೊದಲಿನ ಸ್ವರವನ್ನು ಕೈಬಿಡಬಹುದು, ಇಲ್ಲವೇ ನಡುವೆ ಒಂದು ವ್ಯಂಜನವನ್ನು ತರಬಹುದು. ಕೈಬಿಡುವುದು ಲೋಪ, ತರುವುದು ಆಗಮ.

‘ಊರು’ ಎಂಬಲ್ಲಿ ಕೊನೆಯ ಉ ಹೋದರೂ ಪದ ಗುರುತು ಸಿಗುತ್ತದೆ. ಹಾಗಾಗಿ ಲೋಪ: ಊರೇ, ಊರೋ. ‘ಮನೆ’ಯ ಎ ಪದದ ಒಡಲಿಗೇ ಸೇರಿದ್ದು, ಅದನ್ನು ತೆಗೆದರೆ ಪದವೇ ಮೊಟಕಾಗುತ್ತದೆ. ಹಾಗಾಗಿ ಆಗಮ: ಮನೆಯೇ, ಮನೆಯೋ. ‘ಮರ’ದ್ದೂ ಅದೇ ಕತೆ, ಆದರೆ ಅಲ್ಲಿ ಬರುವ ಅಕ್ಷರ ವ: ಮರವೇ, ಮರವೋ.

ಯ ಬರಬೇಕೋ ವ ಬರಬೇಕೋ ಎಂಬುದನ್ನು ಹಿಂದಿನ ಸ್ವರ ತೀರ್ಮಾನಿಸುತ್ತದೆ. ಇ, ಈ, ಎ, ಏ, ಐ ಹೇಳುವಾಗ ನಾಲಿಗೆ ಬಾಯಿಯ ಮುಂಭಾಗದಲ್ಲಿ ಏಳುತ್ತದೆ. ಯ ಹುಟ್ಟುವುದೂ ಅಲ್ಲೇ ಆಸುಪಾಸಿನಲ್ಲಿ. ಆದ್ದರಿಂದ ಹುಲಿಯೇ, ಸ್ತ್ರೀಯೇ, ಕೈಯೇ. ಉ, ಊ, ಓ ಹೇಳುವಾಗ ತುಟಿಗಳು ದುಂಡಗಾಗುತ್ತವೆ. ವ ಬರುವುದೂ ತುಟಿಯಿಂದ. ಆದ್ದರಿಂದ ಗುರುವೇ, ಗೋವೇ. ‘ಹುಲಿಯೇ’ ಎಂದು ನಿಧಾನವಾಗಿ ಹೇಳಿ ನೋಡಿ, ಇಕಾರದಿಂದ ಏಕಾರಕ್ಕೆ ಜಾರುವ ದಾರಿಯಲ್ಲಿ ಯ ತಾನಾಗಿ ಸಿಗುತ್ತದೆ. ಅಕಾರಕ್ಕೆ ಇಂಥ ಒಲವಿಲ್ಲ. ‘ಮರ’ದಂಥ ಪದಗಳಲ್ಲಿ ವ ಬರುವುದು ವಾಡಿಕೆ ಎಂದು ತಿಳಿದುಕೊಂಡರೆ ಸಾಕು.

ನಿಯಮ ನೆನಪಿನಲ್ಲಿ ಉಳಿಯುವುದಿಲ್ಲ. ಸುಲಭವಾಗಿ ಪರೀಕ್ಷಿಸುವ ದಾರಿ ಇದೆಯೇ?

ಇದೆ. ಈ ಪುಟದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ‘ಕೂಡ’ ಎಂಬ ಅರ್ಥದ ಊ ದಿನವೂ ನಮ್ಮ ಬಾಯಲ್ಲಿ ಆಡುತ್ತಿರುತ್ತದೆ. ಅನುಮಾನ ಬಂದ ಪದಕ್ಕೆ ಮೊದಲು ಆ ಊ ಹಚ್ಚಿ ಹೇಳಿ. ನಡುವೆ ಯಾವ ಅಕ್ಷರ ಬಂತೋ, ಅಥವಾ ಯಾವ ಸ್ವರ ಬಿದ್ದುಹೋಯಿತೋ, ಅದನ್ನು ಹಾಗೆಯೇ ಉಳಿಸಿಕೊಂಡು ಊ ಇದ್ದ ಜಾಗದಲ್ಲಿ ಏ ಅಥವಾ ಓ ಇಡಿ.

ಮರವೂ ಎನ್ನುತ್ತೇವೆ, ಆದ್ದರಿಂದ ಮರವೇ, ಮರವೋ. ಮನೆಯೂ ಎನ್ನುತ್ತೇವೆ, ಆದ್ದರಿಂದ ಮನೆಯೇ, ಮನೆಯೋ. ಊರೂ, ಆದ್ದರಿಂದ ಊರೇ, ಊರೋ. ಅಣ್ಣನೂ, ಆದ್ದರಿಂದ ಅಣ್ಣನೇ, ಅಣ್ಣನೋ. ಈಗಲೂ, ಆದ್ದರಿಂದ ಈಗಲೇ. ಅವನಿಗೂ, ಆದ್ದರಿಂದ ಅವನಿಗೇ, ಅವನಿಗೋ. ಸಂಧಿಯ ಹೆಸರು ಗೊತ್ತಿಲ್ಲದವರಿಗೂ ಊ ಎಲ್ಲಿ ಹೇಗೆ ಕೂರುತ್ತದೆ ಎಂಬುದು ಗೊತ್ತಿರುತ್ತದೆ. ಆ ಅರಿವನ್ನೇ ಇಲ್ಲಿ ಬಳಸಿಕೊಳ್ಳುವುದು. ಈ ಪರೀಕ್ಷೆ ನಿಲ್ಲುವ ಜಾಗ ಒಂದೇ, ‘ಬರುತ್ತಾನೆ’ಯಂಥ ಪೂರ್ಣ ಕ್ರಿಯಾಪದ. ಅದಕ್ಕೆ ಊ ಸಲೀಸಾಗಿ ಅಂಟುವುದಿಲ್ಲ. ಅದರ ವಿಷಯ ಕೆಳಗೆ ಬೇರೆಯಾಗಿ ಇದೆ.

‘ಊರು’ ಊರೇ ಆಗುತ್ತದೆ, ‘ಗುರು’ ಮಾತ್ರ ಗುರುವೇ. ಎರಡೂ ಉಕಾರದಲ್ಲೇ ಮುಗಿಯುತ್ತವಲ್ಲ?

ಕಾಣಲು ಒಂದೇ ಆದರೂ ಎರಡು ಉಕಾರಗಳ ಗಟ್ಟಿತನ ಬೇರೆ. ಊರು, ಕಾಡು, ಕಣ್ಣು, ಮಾತು, ಹೆಸರು, ಕನಸು ಇವುಗಳ ಕೊನೆಯ ಉ ಸಡಿಲ. ಸ್ವರ ಮುಂದೆ ಬಂದ ಕೂಡಲೇ ಜಾಗ ಬಿಟ್ಟುಕೊಡುತ್ತದೆ: ಕಾಡೇ, ಕಣ್ಣೇ, ಮಾತೇ, ಹೆಸರೇ, ಕನಸೇ. ಗುರು, ವಸ್ತು, ಶಿಶು, ಋತು, ಸಾಧು ಇವು ಸಂಸ್ಕೃತದಿಂದ ಬಂದವು. ಇವುಗಳ ಉ ಪದದ ಭಾಗವೇ ಆಗಿರುವುದರಿಂದ ಬೀಳುವುದಿಲ್ಲ: ವಸ್ತುವೇ, ಶಿಶುವೇ, ಋತುವೇ.

ಹಾಗೆಂದು ಕನ್ನಡದ್ದೆಲ್ಲ ಬೀಳುತ್ತದೆ, ಸಂಸ್ಕೃತದ್ದು ಮಾತ್ರ ಉಳಿಯುತ್ತದೆ ಎಂದುಕೊಳ್ಳಬಾರದು. ಮಗು, ಕರು, ನಗು, ಹುಳು ಅಚ್ಚಕನ್ನಡ ಪದಗಳು. ಅವೂ ಉಕಾರವನ್ನು ಬಿಡುವುದಿಲ್ಲ: ಮಗುವೇ, ಕರುವೇ, ನಗುವೇ. ಇವುಗಳ ಅಳತೆ ಗಮನಿಸಿ. ಎಲ್ಲವೂ ಎರಡೇ ಅಕ್ಷರ, ಮೊದಲನೆಯದು ಹ್ರಸ್ವ, ನಡುವೆ ಒತ್ತಕ್ಷರವಿಲ್ಲ. ಇಷ್ಟು ಚಿಕ್ಕ ಪದದಿಂದ ಸ್ವರವನ್ನೂ ಕಿತ್ತರೆ ಉಳಿಯುವುದು ತೀರಾ ಕಡಿಮೆ. ‘ಕರು’ವಿನ ಉ ಬಿದ್ದು ‘ಕರೇ’ ಎಂದಾದರೆ ಕರುವಿನ ನೆನಪೂ ಬರುವುದಿಲ್ಲ.

ಇದೇ ಅಳತೆಯ ‘ಅದು’, ‘ಇದು’ ಮೊದಲಾದ ಸರ್ವನಾಮಗಳು ಮಾತ್ರ ಈ ಗುಂಪಿಗೆ ಸೇರದೆ ಉಕಾರ ಬಿಡುತ್ತವೆ: ಅದೇ, ಇದೇ, ಅದೋ, ಇದೋ. ಊ ಪರೀಕ್ಷೆ ಇಲ್ಲೂ ದಾರಿ ತೋರಿಸುತ್ತದೆ, ಏಕೆಂದರೆ ಮಗುವೂ ಎನ್ನುವ ನಾವೇ ‘ಅದುವೂ’ ಎನ್ನದೆ ಅದೂ ಎನ್ನುತ್ತೇವೆ.

‘ಅಣ್ಣ’ ಅಕಾರದಲ್ಲಿ ಮುಗಿಯುತ್ತದೆ. ‘ಅಣ್ಣವೇ’ ಎಂದೇಕೆ ಆಗುವುದಿಲ್ಲ?

ಪ್ರಥಮಾ ವಿಭಕ್ತಿಯ ಪೂರ್ತಿ ರೂಪ ‘ಅಣ್ಣನು’. ಮಾತಿನಲ್ಲಿ ‘ನು’ ಬಿಟ್ಟಿರುತ್ತೇವೆ, ಏ ಸೇರಿಸಿದಾಗ ಅದು ಮರಳಿ ಬರುತ್ತದೆ, ಉಕಾರ ಮಾತ್ರ ಬೀಳುತ್ತದೆ. ಅಕಾರದಲ್ಲಿ ಮುಗಿಯುವ, ಮನುಷ್ಯರನ್ನು ಹೇಳುವ ಪದಗಳಿಗೆ ಇದು ಸಾಮಾನ್ಯ: ಅಕ್ಕನೇ, ಅಮ್ಮನೇ, ಮಾವನೇ, ಹುಡುಗನೋ. ಮನುಷ್ಯರಲ್ಲದ್ದಕ್ಕೆ ಪೂರ್ತಿ ರೂಪ ‘ಮರವು’, ಹಾಗಾಗಿ ಮರವೇ.

‘ಹಾವೇ’ ಎಂಬಲ್ಲಿರುವ ವ ಕೂಡ ಆಗಮವೇ?

ಅಲ್ಲ. ಹಾವು, ಸಾವು, ನಾವು, ನೀವು, ಕೆಲವು ಇವುಗಳ ವ ಪದದ್ದೇ. ಉ ಬಿದ್ದು ಏ ಸೇರಿದೆ ಅಷ್ಟೆ. ಈ ವ್ಯತ್ಯಾಸ ತಿಳಿಯದೆ ‘ಹಾವುವೇ’ ಎಂದು ಇನ್ನೊಂದು ವ ಸೇರಿಸುವುದುಂಟು. ಬೇಕಿಲ್ಲ.

ಯಕಾರದಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ಆಗುತ್ತದೆ. ತಾಯಿ, ನಾಯಿ ಪದಗಳಲ್ಲಿ ಆಗಲೇ ಒಂದು ‘ಯಿ’ ಇರುವುದರಿಂದ ಇನ್ನೊಂದು ಯ ಬೇಡವೇನೋ ಎನಿಸಿ ಕೈ ತಡೆಯುತ್ತದೆ. ಅಲ್ಲಿ ಬೇಕು: ತಾಯಿಯೇ ಬಂದಳು, ನಾಯಿಯೇ ಕಚ್ಚಿತು. ‘ತಾಯೇ’ ಎಂಬುದೂ ಇದೆ, ಆದರೆ ಅದು ತಾಯಿಯನ್ನು ಕರೆಯುವ ಸಂಬೋಧನೆ.

‘ಈಗಲೇ’, ‘ಮನೆಯಿಂದಲೇ’ ಎಂಬಲ್ಲಿ ಲ ಎಲ್ಲಿಂದ ಬಂತು?

ಅಕಾರದಲ್ಲಿ ಮುಗಿಯುವ ಕೆಲವಕ್ಕೆ ವ ಬದಲು ಲ ಬರುತ್ತದೆ. ಎರಡು ಗುಂಪು ನೆನಪಿಟ್ಟರೆ ಹೆಚ್ಚೂಕಡಿಮೆ ಎಲ್ಲವೂ ಬಂದಂತೆ. ಒಂದು, ಹೊತ್ತನ್ನು ಹೇಳುವ ಈಗ, ಆಗ, ಯಾವಾಗ, ಬಂದಾಗ, ಹೋದಾಗ: ಈಗಲೇ, ಆಗಲೇ, ಯಾವಾಗಲೋ, ಬಂದಾಗಲೇ. ಇನ್ನೊಂದು, ‘ಇಂದ’ ಪ್ರತ್ಯಯ: ಮನೆಯಿಂದಲೇ, ನನ್ನಿಂದಲೇ, ಎಲ್ಲಿಂದಲೋ. ‘ಈಗವೇ’, ‘ಮನೆಯಿಂದವೇ’ ಎಂದು ಯಾರೂ ಹೇಳುವುದಿಲ್ಲ. ‘ತಕ್ಷಣ’ ಹೊತ್ತನ್ನು ಹೇಳಿದರೂ ನಾಮಪದವಾದ್ದರಿಂದ ಅದಕ್ಕೆ ವ: ತಕ್ಷಣವೇ.

ವಿಭಕ್ತಿ ಪ್ರತ್ಯಯ ಇದ್ದಾಗ ಏ, ಓ ಎಲ್ಲಿ ಬರಬೇಕು?

ಯಾವಾಗಲೂ ಕೊನೆಯಲ್ಲಿ, ವಿಭಕ್ತಿಯ ಆಚೆಗೆ. ಯಾರು ಎಂಬುದು ಯಾರೋ ಆಗುತ್ತದೆ, ಆದರೆ ಅದಕ್ಕೆ ಗೆ ಸೇರಿಸಿ ‘ಯಾರೋಗೆ’ ಎನ್ನಲಾಗದು. ಮೊದಲು ಯಾರಿಗೆ, ಆಮೇಲೆ ಯಾರಿಗೋ. ಹಾಗೆಯೇ ಯಾರನ್ನೋ, ಯಾರಿಂದಲೋ, ಎಲ್ಲಿಗೋ. ಕನ್ನಡವನ್ನು ಹೊಸದಾಗಿ ಕಲಿಯುವವರು ಎಡವುವ ಜಾಗ ಇದು, ಏಕೆಂದರೆ ‘ಯಾರೋ’ ಎಂಬುದನ್ನು ಅವರು ಒಂದು ಇಡೀ ಪದವೆಂದು ಕಲಿತಿರುತ್ತಾರೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಮನೆ’ಯ ಎ ಬೀಳುವುದಿಲ್ಲ ಎಂದು ಮೇಲೆ ಹೇಳಿದೆ, ಆದರೆ ‘ಗೆ’ ಪ್ರತ್ಯಯದ ಎ ಬೀಳುತ್ತದೆ. ಆದ್ದರಿಂದ ‘ಮನೆಗೆಯೇ’ ಅಲ್ಲ, ಮನೆಗೇ. ‘ನನಗೆಯೋ’ ಅಲ್ಲ, ನನಗೋ. ‘ಅನ್ನು’ ಕೂಡ ಉಕಾರ ಬಿಡುತ್ತದೆ: ಮನೆಯನ್ನೇ, ಯಾರನ್ನೋ. ‘ಅಲ್ಲಿ’ ಮಾತ್ರ ಎರಡೂ ದಾರಿಗೆ ಒಪ್ಪುತ್ತದೆ. ಮನೆಯಲ್ಲಿಯೇ ಎನ್ನಬಹುದು, ಮನೆಯಲ್ಲೇ ಎಂದೂ ಎನ್ನಬಹುದು. ಮೊದಲನೆಯದು ಬರವಣಿಗೆಯ ನಡೆ, ಎರಡನೆಯದು ಮಾತಿಗೆ ಹತ್ತಿರ. ಒಂದೇ ಬರಹದಲ್ಲಿ ಎರಡೂ ಬಂದರೂ ತಪ್ಪಲ್ಲ. ನನ್ನ ಕಿವಿಗೆ ಉದ್ದದ ವಾಕ್ಯದಲ್ಲಿ ‘ಮನೆಯಲ್ಲೇ’ ಹಗುರವಾಗಿ ಕೇಳುತ್ತದೆ.

‘ನನ್ನ’, ‘ಆ’, ‘ಯಾವ’ ಇವುಗಳಿಗೆ ಏ, ಓ ನೇರವಾಗಿ ಹಚ್ಚಬಹುದೇ?

ಆಗುವುದಿಲ್ಲ. ಇವು ಮುಂದಿನ ನಾಮಪದವನ್ನು ಆಧರಿಸಿ ನಿಂತ ಪದಗಳು. ಒತ್ತು ಬೇಕಾದರೆ ಮೊದಲು ಇವುಗಳಿಗೆ ಸ್ವಂತ ಕಾಲು ಕೊಡಬೇಕು, ಅಂದರೆ ‘ಅದು’ ಸೇರಿದ ರೂಪಕ್ಕೆ ತರಬೇಕು. ನನ್ನ ಎಂಬುದು ನನ್ನದು ಆಗಿ, ನನ್ನದೇ ಆಗುತ್ತದೆ: ‘ನನ್ನದೇ ಮನೆ’. ಆ ಎಂಬುದು ‘ಅದೇ ಮನೆ’, ಈ ಎಂಬುದು ‘ಇದೇ ಮನೆ’, ಯಾವ ಎಂಬುದು ‘ಯಾವುದೋ ಮನೆ’. ‘ನನ್ನೇ’ ಎಂಬ ರೂಪವೂ ಕಿವಿಗೆ ಬೀಳುತ್ತದೆ. ಆದರೆ ಅದು ‘ನನ್ನನ್ನೇ’ ಎಂಬುದರ ಮಾತಿನ ರೂಪ: ‘ನನ್ನೇ ಕರೆದರು’.

ಒತ್ತು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಅರ್ಥವೂ ಸರಿಯುತ್ತದೆ. ‘ಅದೇ ಹಳೆಯ ಮನೆ’ ಎಂದರೆ ಮೊದಲು ಹೇಳಿದ ಅದೇ ಮನೆ, ಬೇರೊಂದಲ್ಲ. ‘ಆ ಹಳೆಯ ಮನೆಯೇ’ ಎಂದರೆ ಹಲವು ವಸ್ತುಗಳ ನಡುವೆ ಆರಿಸಿದ್ದು ಆ ಮನೆಯನ್ನು.

ಕ್ರಿಯಾಪದವನ್ನು ಒತ್ತಿ ಹೇಳುವುದು ಹೇಗೆ? ‘ಬರುತ್ತಾನೆಯೇ’ ಎಂದರೆ ಸಾಕೇ?

ಸಾಲದು, ಏಕೆಂದರೆ ‘ಬರುತ್ತಾನೆಯೇ’ ಪ್ರಶ್ನೆಯಾಗಿಬಿಡುತ್ತದೆ. ಪೂರ್ಣ ಕ್ರಿಯಾಪದದ ಮೇಲೆ ಕೂತ ಏ ಬರವಣಿಗೆಯಲ್ಲಿ ಪ್ರಶ್ನೆ ಕೇಳುತ್ತದೆ: ಬಂದನೇ? ಇದೆಯೇ? ಬೇಕೇ? ಅಲ್ಲವೇ? ಮಾತಿನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಆಕಾರ ಮಾಡುತ್ತದೆ: ಬಂದನಾ, ಇದೆಯಾ, ಬೇಕಾ. ‘ಅವನೇ ಬಂದನೇ?’ ಎಂಬ ಒಂದೇ ವಾಕ್ಯದಲ್ಲಿ ಎರಡೂ ಏಗಳಿವೆ. ಮೊದಲನೆಯದು ಒತ್ತು, ಎರಡನೆಯದು ಪ್ರಶ್ನೆ. ಆದರೆ ಕ್ರಿಯಾಪದವಿಲ್ಲದ ವಾಕ್ಯದಲ್ಲಿ ನಾಮಪದದ ಮೇಲಿನ ಏ ಕೂಡ ಪ್ರಶ್ನೆಯಾಗಬಲ್ಲದು: ‘ಇದು ಮನೆಯೇ?’ ಅಲ್ಲಿ ಪ್ರಶ್ನೆ ಚಿಹ್ನೆ ಬಿಟ್ಟರೆ ಓದುವವರು ಒತ್ತೆಂದು ಓದಿಕೊಳ್ಳುತ್ತಾರೆ.

ಕ್ರಿಯೆಗೆ ಒತ್ತು ಬೇಕಾದಾಗ ಕನ್ನಡ ಅದನ್ನು ಎರಡಾಗಿ ಒಡೆದು ಮೊದಲ ತುಂಡಿಗೆ ಏ ಹಚ್ಚುತ್ತದೆ. ‘ಬರುತ್ತಾನೆ’ ಎಂಬುದು ‘ಬಂದೇ ಬರುತ್ತಾನೆ’ ಆಗುತ್ತದೆ, ‘ಮಾಡುತ್ತೇನೆ’ ಎಂಬುದು ‘ಮಾಡಿಯೇ ಮಾಡುತ್ತೇನೆ’ ಆಗುತ್ತದೆ. ಇಲ್ಲ ಎನ್ನುವಾಗ ‘ಬರಲಿಲ್ಲ’ ಒಡೆದು ‘ಬರಲೇ ಇಲ್ಲ’. ಬೇಕು ಎನ್ನುವಾಗ ‘ಬರಲೇ ಬೇಕು’.

ಓಕಾರಕ್ಕೆ ಈ ಕಷ್ಟವಿಲ್ಲ, ಪೂರ್ಣ ಕ್ರಿಯಾಪದಕ್ಕೇ ಸೇರುತ್ತದೆ: ಬರುತ್ತಾನೋ ಇಲ್ಲವೋ ಗೊತ್ತಿಲ್ಲ, ಎಲ್ಲಿಗೆ ಹೋದನೋ ಹೇಳಲಿಲ್ಲ. ‘ಬರುತ್ತಾನೆ’ಯ ಎ ಇಲ್ಲಿ ಸಾಮಾನ್ಯವಾಗಿ ಬೀಳುತ್ತದೆ. ‘ಇದೆ’ಯದು ಬೀಳುವುದಿಲ್ಲ: ಇದೆಯೋ ಇಲ್ಲವೋ. ಬಿದ್ದಿದ್ದರೆ ‘ಇದೋ’ ಆಗಿ ಇದು ಎಂಬ ಸರ್ವನಾಮದ ರೂಪದೊಂದಿಗೆ ಬೆರೆತುಹೋಗುತ್ತಿತ್ತು. ಇಲ್ಲ, ಅಲ್ಲ, ಬೇಡ ಮೂರಕ್ಕೂ ವ: ಇಲ್ಲವೋ, ಅಲ್ಲವೋ, ಬೇಡವೋ.

ಒಂದು ವಾಕ್ಯವನ್ನು ಹಿಡಿದು ಎಲ್ಲವನ್ನೂ ತೋರಿಸಬಹುದೇ?

‘ನಾಳೆ ಅಣ್ಣ ಮನೆಯಿಂದ ಪುಸ್ತಕವನ್ನು ನನಗೆ ತರುತ್ತಾನೆ.’ ಈ ವಾಕ್ಯದಲ್ಲಿ ಒತ್ತನ್ನು ಒಂದೊಂದೇ ಪದಕ್ಕೆ ಸರಿಸುತ್ತಾ ಹೋಗೋಣ.

ದಿನ ಮುಖ್ಯವಾದರೆ ‘ನಾಳೆಯೇ’. ಎಕಾರದ ಪದ, ಎ ಬೀಳುವುದಿಲ್ಲ, ಯ ಬಂತು. ತರುವವನು ಮುಖ್ಯವಾದರೆ ‘ಅಣ್ಣನೇ’. ಮನುಷ್ಯವಾಚಕ, ಅಡಗಿದ್ದ ನಕಾರ ಹೊರಬಂತು. ಜಾಗ ಮುಖ್ಯವಾದರೆ ‘ಮನೆಯಿಂದಲೇ’. ಇಂದ ಇರುವುದರಿಂದ ಲ. ವಸ್ತು ಮುಖ್ಯವಾದರೆ ‘ಪುಸ್ತಕವನ್ನೇ’. ಇಲ್ಲಿರುವ ವ ಏಕಾರಕ್ಕಾಗಿ ಬಂದದ್ದಲ್ಲ, ಪುಸ್ತಕ ಮತ್ತು ಅನ್ನು ಕೂಡುವಾಗಲೇ ಬಂದಿತ್ತು. ಏ ಮಾಡಿದ್ದು ಕೊನೆಯ ಉಕಾರವನ್ನು ಕಳೆದದ್ದು ಮಾತ್ರ. ಪಡೆಯುವವರು ಮುಖ್ಯವಾದರೆ ‘ನನಗೇ’, ಎಕಾರ ಬಿತ್ತು. ತರುವುದೇ ಮುಖ್ಯವಾದರೆ ‘ತಂದೇ ತರುತ್ತಾನೆ’.

ಈಗ ನೆನಪು ಮಸುಕಾದವರೊಬ್ಬರು ಅದೇ ಸುದ್ದಿಯನ್ನು ಹೇಳುತ್ತಿದ್ದಾರೆ ಎಂದುಕೊಳ್ಳಿ. ‘ನಾಳೆಯೋ ನಾಡಿದ್ದೋ, ಅಣ್ಣನೋ ತಮ್ಮನೋ, ಎಲ್ಲಿಂದಲೋ ಯಾವುದೋ ಪುಸ್ತಕವನ್ನು ಯಾರಿಗೋ ತರುತ್ತಾನಂತೆ.’ ಕೂಡಿಕೆಯ ಅಕ್ಷರಗಳು ಒಂದೂ ಬದಲಾಗಿಲ್ಲ ಎಂಬುದನ್ನು ನೋಡಿ: ನಾಳೆಗೆ ಯ, ಅಣ್ಣನಿಗೆ ನ, ಇಂದಕ್ಕೆ ಲ.

‘ಯಾಕೋ ಬರಲಿಲ್ಲ’ ಎಂದರೆ ಕಾರಣ ಗೊತ್ತಿಲ್ಲ ಎಂದೋ, ಗೆಳೆಯನನ್ನು ಕೇಳುತ್ತಿರುವುದೋ?

ಎರಡೂ ಆಗಬಹುದು. ಸಲುಗೆಯ ಹುಡುಗನನ್ನೋ ಗೆಳೆಯನನ್ನೋ ಮಾತಾಡಿಸುವಾಗ ಬರುವ ‘ಓ’ ಬೇರೆಯದು: ಬಾರೋ, ಏನೋ, ಯಾಕೋ. ಹೆಣ್ಣಾದರೆ ಬಾರೇ, ಏನೇ, ಯಾಕೇ. ಅನುಮಾನದ ಓ ಮತ್ತು ಸಲುಗೆಯ ಓ ಬರವಣಿಗೆಯಲ್ಲಿ ಒಂದೇ ರೂಪ. ದನಿಯಲ್ಲಿ ತಿಳಿಯುವುದು ಅಕ್ಷರದಲ್ಲಿ ತಿಳಿಯದು. ಆದ್ದರಿಂದ ಸಂಭಾಷಣೆ ಬರೆಯುವಾಗ ‘ಯಾಕೋ, ಬರಲಿಲ್ಲ?’ ಎಂದು ಚಿಹ್ನೆ ಹಾಕಿ ದಾರಿ ಮಾಡಿಕೊಡುವುದು ಒಳ್ಳೆಯದು. ‘ಯಾಕೋ ಬೇಸರ’ ಎಂಬಲ್ಲಿ ಗೊಂದಲವಿಲ್ಲ.

ಇಂಗ್ಲಿಷಿನಿಂದ ಬಂದ ಪದಗಳಿಗೆ?

ನಿಯಮ ಅದೇ. ಕನ್ನಡದಲ್ಲಿ ಅದನ್ನು ಹೇಗೆ ಉಚ್ಚರಿಸುತ್ತೇವೆ ಎಂಬುದು ಲೆಕ್ಕ. ಕಾಫಿಯೇ, ಟಿವಿಯೋ. ಸಿನಿಮಾವೇ, ವಿಡಿಯೋವೇ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಏ ನೇರವಾಗಿ ಕೂರುತ್ತದೆ: ಫೋನೇ, ಮೊಬೈಲೇ. ‘ಬಸ್’ ನಮ್ಮ ಬಾಯಲ್ಲಿ ‘ಬಸ್ಸು’ ಆಗಿರುವುದರಿಂದ ಬಸ್ಸೇ, ಬಸ್ಸೋ.

ಮಾತಿನಲ್ಲಿ ‘ಮನೇನೇ’, ‘ಪುಸ್ತಕಾನೇ’ ಎನ್ನುತ್ತೇವಲ್ಲ, ಅದು ತಪ್ಪೇ?

ತಪ್ಪಲ್ಲ. ಆಡುಮಾತು ಯ, ವ ಎರಡರ ಜಾಗಕ್ಕೂ ನಕಾರವನ್ನು ತಂದು ಹಿಂದಿನ ಸ್ವರವನ್ನು ಎಳೆಯುತ್ತದೆ: ಹುಲೀನೇ, ಮನೇನೋ, ಮರಾನೇ, ಗುರೂನೇ. ಅದಕ್ಕೂ ತನ್ನದೇ ಕ್ರಮವಿದೆ. ಕತೆಯ ಸಂಭಾಷಣೆಯಲ್ಲಿ ಇದನ್ನೇ ಬರೆಯಬೇಕು, ‘ಪುಸ್ತಕವೇ ಬೇಕಾ ನಿಂಗೆ’ ಎಂದು ಬರೆದರೆ ಅರ್ಧ ಗ್ರಂಥ, ಅರ್ಧ ಮನೆಮಾತು ಆಗಿ ಪಾತ್ರದ ದನಿ ಕೆಡುತ್ತದೆ.

ಬರೆಯುವಾಗ ಹೆಚ್ಚಾಗಿ ಆಗುವ ತಪ್ಪು ಯಾವುದು?

ದೀರ್ಘ ಬಿಡುವುದು. ‘ಇದೆ’ ಎಂದರೆ ಇರುತ್ತದೆ, ‘ಇದೇ’ ಎಂದರೆ ಬೇರೆಯಲ್ಲ ಇದು. ‘ಇದೆ ಮನೆ’ ಎಂದು ಬರೆದರೆ ಮನೆ ಇದೆ ಎಂಬ ಅರ್ಥವೂ ಹೊರಡುತ್ತದೆ. ‘ಬಂದೆ’ ಎಂದರೆ ನಾನು ಬಂದೆ, ‘ಬಂದೇ ಬರುತ್ತಾನೆ’ ಎಂಬಲ್ಲಿ ದೀರ್ಘ ಬೇಕೇ ಬೇಕು. ‘ನನಗೆ ಹೇಳಿದರು’, ‘ನನಗೇ ಹೇಳಿದರು’ ಎರಡೂ ಸರಿಯಾದ ವಾಕ್ಯಗಳಾದ್ದರಿಂದ ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಬರೀ ಪದ ನೋಡಿ ಈ ತಪ್ಪು ಸಿಗುವುದಿಲ್ಲ. ಬರೆದವರೇ ಓದಿ ಹಿಡಿಯಬೇಕು.

ಇದಕ್ಕೂ ಊ ನೆರವಾಗುತ್ತದೆ. ಆ ಜಾಗದಲ್ಲಿ ‘ನನಗೂ’ ಎಂದು ಹಾಕಿದರೆ ‘ನಾನಲ್ಲದೆ ಬೇರೆಯವರು’ ಎಂಬ ಹೋಲಿಕೆ ವಾಕ್ಯದಲ್ಲಿ ಹೊಂದುತ್ತದೆಯೇ ನೋಡಿ. ಹೊಂದಿದರೆ ಅಲ್ಲಿ ಒತ್ತಿಗೂ ಜಾಗವಿರುತ್ತದೆ, ಆಮೇಲೆ ಒತ್ತು ಬೇಕೋ ಬೇಡವೋ ನಿಮ್ಮ ಉದ್ದೇಶ ಹೇಳುತ್ತದೆ. ‘ಇದೆ’ ಕ್ರಿಯಾಪದವಾಗಿದ್ದರೆ ಅದರ ಜಾಗದಲ್ಲಿ ‘ಇದೂ’ ಕೂರುವುದೇ ಇಲ್ಲ. ‘ಮನೆಯಲ್ಲಿ ಪುಸ್ತಕ ಇದೂ’ ಎಂದರೆ ವಾಕ್ಯ ನಿಲ್ಲದು, ಆದ್ದರಿಂದ ಅಲ್ಲಿ ಹ್ರಸ್ವವೇ ಸರಿ.

ಇನ್ನೊಂದು ತಪ್ಪು ಬಿಡಿಸಿ ಬರೆಯುವುದು: ‘ಮನೆ ಏ’, ‘ಅವನು ಏ’, ‘ಮರ ವೇ’. ಏ, ಓ ಎಂದೂ ಒಂಟಿಯಾಗಿ ನಿಲ್ಲುವುದಿಲ್ಲ. ಇಡೀ ಸ್ವರಾಕ್ಷರವಾಗಿಯೂ ಬರುವುದಿಲ್ಲ, ಹಿಂದಿನ ವ್ಯಂಜನದ ಮೇಲೆ ಏತ್ವ ಅಥವಾ ಓತ್ವವಾಗಿ ಕೂರುತ್ತವೆ. ಹಾಗಾಗಿ ಪದದ ಕೊನೆಯಲ್ಲಿ ‘ಏ’ ಎಂಬ ಬಿಡಿ ಅಕ್ಷರ ಕಂಡರೆ ನಡುವಿನ ಯ, ವ, ನ ಅಥವಾ ಲ ಬಿಟ್ಟುಹೋಗಿದೆ, ಇಲ್ಲವೇ ಬೀಳಬೇಕಿದ್ದ ಸ್ವರ ಬಿದ್ದಿಲ್ಲ ಎಂದು ತಿಳಿಯಬಹುದು.